ಮೂರು ಐದು ಒಂದು, ಅಥವಾ ಹಿಡಕಲ್ಲಿನ ಪೋರ್ಚುಗೀಸರು

“ಗೋವಾ ಬಿಟ್ಟು ಓಡಿ ಹೋಗೂ ಮುಂದ ಪೋರ್ಚುಗೀಸರು ಹಿಡಕಲ್ ಡ್ಯಾಮಿನ್ಯಾಗ ಒಂದು ಯಂತ್ರ ಮುಳುಗಿಸಿ ಹೋಗಿದ್ರು. ನಲವತ್ತು ವರ್ಷ ಅದು ಮಲಗಿತ್ತು. ಒಂದು ಖಂಡೆ ಪೂಜಿ ದಿನ ತಾನ ಎಚ್ಚರಾಗಿ ಮ್ಯಾಲೆ ಬಂದು ದೀಪ ಹಚ್ಚಿತು.”

ಮೂಡಲಗಿಯ ಯಾವುದೇ ಚಹದಂಗಡಿಯಲ್ಲಿ ಈ ಕಥೆ ಇಂದಿಗೂ ಸಿಗುತ್ತದೆ. ಹುಕ್ಕೇರಿ ಕಡೆಯವರು ಹೇಳುವಾಗ ಯಂತ್ರದ ಜೊತೆ ಒಂದು ಪೆಟ್ಟಿಗೆ ಬಂಗಾರವೂ ಸೇರಿಕೊಳ್ಳುತ್ತದೆ. ಗೋಕಾಕದಲ್ಲಿ ಕಳೆದ ವರ್ಷ ಒಂದು ಮದುವೆಯ ಪಂಕ್ತಿಯಲ್ಲಿ ನನ್ನ ಪಕ್ಕದಲ್ಲಿ ಕುಳಿತ ವಕೀಲರೊಬ್ಬರು ಅದನ್ನೇ ನನಗೆ ಹೇಳಿದರು. ಅವರ ಕಥೆಯಲ್ಲಿ ನಾನೂ ಇದ್ದೆ. ಪೋರ್ಚುಗೀಸ್ ಭಾಷೆ ಬಲ್ಲ ಮುದುಕನೊಬ್ಬ ಗೋಕಾಕದಿಂದ ಬಂದು ಆ ಯಂತ್ರದ ಜೊತೆ ಮಾತನಾಡಿ ಅದನ್ನು ಸಮಾಧಾನ ಮಾಡಿದನಂತೆ. ನನಗೆ ಆ ಭಾಷೆಯ ಒಂದು ಶಬ್ದವೂ ಬಾರದು. ಹೋಳಿಗೆ ಬಿಟ್ಟು ಎದ್ದು ಬಂದೆ.

ಮೊದಲು ಒಂದು ಮಾತು. ಪೋರ್ಚುಗೀಸರು ಗೋವಾ ಬಿಟ್ಟಾಗ ಹಿಡಕಲ್ಲಿನಲ್ಲಿ ಅಣೆಕಟ್ಟೆಯ ನೀರು ಇನ್ನೂ ನಿಂತಿರಲಿಲ್ಲ. ಇಲ್ಲದ ನೀರಿನಲ್ಲಿ ಯಾರೂ ಏನನ್ನೂ ಮುಳುಗಿಸಲಾರರು. ಇದನ್ನು ಹೇಳಿದಾಗಲೆಲ್ಲ ಜನ ಗಂಭೀರವಾಗಿ ತಲೆದೂಗಿ, “ಅದೂ ಖರೆ ಬಿಡ್ರಿ” ಎಂದು ಒಪ್ಪಿ, ಮತ್ತೆ ಬಂಗಾರದ ಪೆಟ್ಟಿಗೆಯಿಂದ ಮುಂದುವರಿಸುತ್ತಾರೆ. ಆದ್ದರಿಂದ ನಡೆದದ್ದನ್ನು ನಡೆದ ಕ್ರಮದಲ್ಲಿಯೇ ಬರೆದಿಡುತ್ತೇನೆ.

ಸಾಲಿಯಲ್ಲಿ ನಾನು ಕಲಿತದ್ದು ಅಲ್ಪ. ರೇಡಿಯೋ ಬಿಚ್ಚುವುದನ್ನು ರೇಡಿಯೋ ಬಿಚ್ಚಿಯೇ ಕಲಿತೆ. ಆ ವಿದ್ಯೆಯ ಬಲದಿಂದ ಗೋವಾದ ಬಂದರಿಗೆ ಹೋಗಿ, ಅದಿರು ತುಂಬಲು ಬರುವ ಹಡಗುಗಳ ರೇಡಿಯೋ ಉಪಕರಣಗಳನ್ನು ದುರಸ್ತಿ ಮಾಡುವ ಕೆಲಸದಲ್ಲಿ ಬಹಳ ವರ್ಷ ಇದ್ದೆ. ಅನಂತರ ಗೋಕಾಕಕ್ಕೆ ಮರಳಿ ಅಂಗಡಿ ಇಟ್ಟೆ. ಹಡಗಿನ ಪ್ರತಿಯೊಂದು ರೇಡಿಯೋ ಯಂತ್ರದೊಳಗೂ ಒಂಬತ್ತು ಅಂಕಿಗಳ ಒಂದು ಸಂಖ್ಯೆಯನ್ನು ತುಂಬಿರುತ್ತಾರೆ. ಅದು ಹಡಗಿನ ರೇಡಿಯೋ ಹೆಸರು. ಅದರ ಮೊದಲ ಮೂರು ಅಂಕಿಗಳು ಹಡಗು ಯಾವ ದೇಶದ ಬಾವುಟದಡಿ ನೋಂದಣಿಯಾಗಿದೆ ಎಂಬುದನ್ನು ಹೇಳುತ್ತವೆ. ನಮ್ಮ ದೇಶದ ಹಡಗಾದರೆ ನಾಲ್ಕು ಒಂದು ಒಂಬತ್ತು. ಹಡಗು ಮಾರಾಟವಾಗಿ ಬಾವುಟ ಬದಲಾದರೆ ಸಂಖ್ಯೆಯೂ ಬದಲಾಗಬೇಕು. ನಮ್ಮಂಥವರು ಹತ್ತಿ ಹೋಗಿ ಒಂದೊಂದು ಯಂತ್ರದಲ್ಲೂ ಹೊಸದನ್ನು ತುಂಬಬೇಕು. ಬಂದರಿನಲ್ಲಿ ನನ್ನ ಅರ್ಧ ಅನ್ನ ಅದರಿಂದಲೇ ಬಂದದ್ದು.

ಇನ್ನು ನನ್ನ ಹೆಂಡತಿಯ ತಮ್ಮ. ಊರು ಕಲ್ಲೋಳಿ, ಒಕ್ಕಲುತನದ ಮನೆ. ಆದರೆ ಅವನಿಗೆ ಹೊಲಕ್ಕಿಂತ ನೀರು ಹೆಚ್ಚು ಪ್ರೀತಿ. ಹಿಡಕಲ್ಲಿನ ಹಿನ್ನೀರಿನಲ್ಲಿ ಮೀನು ಹಿಡಿಯುವ ಪರವಾನಿಗೆ ಪಡೆದು, ದಂಡೆಯ ಮೇಲೆ ತಗಡಿನ ಮನೆ ಕಟ್ಟಿಕೊಂಡು, ಎರಡು ತೆಪ್ಪಗಳೊಂದಿಗೆ ಅಲ್ಲಿಯೇ ಇದ್ದ. ನನ್ನ ಹಡಗಿನ ಮಾತುಗಳನ್ನು ಅವನು ಎಂದೂ ನಂಬಿದವನಲ್ಲ. “ಮಾವ ಹಡಗಿನ್ಯಾಗ ಕೆಲಸ ಮಾಡಿದ್ದು ಖರೆ, ಆದ್ರ ಹಡಗ ನಿಂತಾಗ ಅಷ್ಟ” ಎಂದು ಬೀಗರ ಮುಂದೆ ಹೇಳುತ್ತಿದ್ದ. ಅದು ನಿಜವೇ ಆಗಿತ್ತು.

ಹಳೆಯ ಹಡಗುಗಳನ್ನು ಗುಜರಾತಿನ ದಂಡೆಯ ಮೇಲೆ ಒಡೆಯುತ್ತಾರೆ. ಅಲ್ಲಿಯ ಹಗ್ಗ, ತೇಲುವ ಜಾಕೀಟು, ಪಾತ್ರೆ, ಕುರ್ಚಿ ಎಲ್ಲವೂ ಲಾರಿಯಲ್ಲಿ ಬಂದು ಹೆದ್ದಾರಿಯ ಬದಿಯ ಗುಜರಿ ಅಂಗಡಿಗಳಲ್ಲಿ ಮಾರಾಟವಾಗುತ್ತವೆ. ಅಂಥ ಒಂದು ಅಂಗಡಿಗೆ ಹಗ್ಗ ತರಲು ಹೋದ ನನ್ನ ಮೈದುನ, ಹಗ್ಗದ ಜೊತೆ ಒಂದು ಹಳದಿ ವಸ್ತುವನ್ನೂ ತಂದ. ದಪ್ಪ ಸೋರೆಕಾಯಿಯಷ್ಟು ಗಾತ್ರ, ನೆತ್ತಿಯ ಮೇಲೆ ಒಂದು ಗಾಜಿನ ದೀಪ, ಪಕ್ಕದಲ್ಲಿ ಬಾರುಕೋಲಿನಂಥ ತಂತಿ. ತೆಪ್ಪಕ್ಕೆ ಕಟ್ಟಿದರೆ ಸಂಜೆಗೆ ದೀಪವಾದೀತು ಎಂಬುದು ಅವನ ಲೆಕ್ಕ. ಗುಂಡಿ ಎಲ್ಲಿದೆಯೆಂದು ತಿಳಿಯದೆ, ಮೊಳೆಗೆ ತೂಗುಹಾಕಿ ಮರೆತುಬಿಟ್ಟ. ನನ್ನನ್ನು ಕೇಳಲಿಲ್ಲ. ಕೇಳಿದ್ದರೆ ಈ ಬರಹದ ಅಗತ್ಯವಿರುತ್ತಿರಲಿಲ್ಲ.

ಆ ವಸ್ತು ಹಡಗಿನ ಅಪಾಯ ಸೂಚಕ. ಹಡಗಿನಲ್ಲಿ ಅದು ತನ್ನ ಗೂಡಿನಲ್ಲಿ ಕುಳಿತಿರುತ್ತದೆ. ಗೂಡಿನಲ್ಲಿರುವಷ್ಟು ಹೊತ್ತು ಮಳೆ ಬಂದರೂ ಸುಮ್ಮನಿರುತ್ತದೆ. ಹಡಗು ಮುಳುಗಿದರೆ ಗೂಡಿನಿಂದ ಬಿಡಿಸಿಕೊಂಡು ತೇಲುತ್ತದೆ. ಗೂಡು ಬಿಟ್ಟು ನೀರು ಸೋಕಿತೆಂದರೆ ತಾನೇ ಚಾಲೂ ಆಗಿ, ದೀಪ ಮಿಟುಕಿಸುತ್ತ, ಆಕಾಶದ ಉಪಗ್ರಹಗಳಿಗೆ ತನ್ನ ದೇಶದ ಮೂರು ಅಂಕಿ ಮತ್ತು ಹಡಗಿನ ಉಳಿದ ಆರು ಅಂಕಿಗಳನ್ನು ಕೂಗಿ ಹೇಳತೊಡಗುತ್ತದೆ. ಕೂಗು ಎಲ್ಲಿಂದ ಬಂತೆಂಬುದನ್ನು ಉಪಗ್ರಹದ ಕಡೆಯವರು ಕೆಲವು ಮೈಲಿ ಹೆಚ್ಚುಕಮ್ಮಿಯಾಗಿ ಲೆಕ್ಕ ಹಾಕಿ ತೆಗೆಯುತ್ತಾರೆ.

ಖಂಡೆ ಪೂಜೆಯ ದಿನ ನಮ್ಮಲ್ಲಿ ದುಡಿಯುವ ಸಾಮಾನುಗಳನ್ನೆಲ್ಲ ತೊಳೆದು ಪೂಜಿಸುತ್ತಾರೆ. ಕುಡುಗೋಲು, ನೇಗಿಲು, ಸೈಕಲ್ಲು, ಯಾವುದೂ ಬಿಡುವ ಹಾಗಿಲ್ಲ. ನನ್ನ ಮೈದುನ ಬಲೆ ಮತ್ತು ಹುಟ್ಟುಗಳನ್ನು ತೊಳೆದು ಸಾಲಾಗಿ ಇಟ್ಟ. ಆ ಹಳದಿ ವಸ್ತುವನ್ನೂ ಬಿಡಬಾರದೆಂದು, ಅಂಗಳದಲ್ಲಿ ನೀರು ತುಂಬಿದ ತಾಮ್ರದ ಹಂಡೆಯಲ್ಲಿ ನೆಟ್ಟಗೆ ನಿಲ್ಲಿಸಿ, ಸುತ್ತ ಚೆಂಡುಹೂವಿನ ಸರ ಹಾಕಿದ. ನೆತ್ತಿಯ ದೀಪ ಮಿಟುಕತೊಡಗಿತು.

ಅವನ ಹೆಂಡತಿ ಕೈಮುಗಿದಳು. ಪಕ್ಕದ ತೆಪ್ಪದವರು ಬಂದರು. ಹೊತ್ತೇರುವಷ್ಟರಲ್ಲಿ ಹಿಡಕಲ್ಲಿನ ಅರ್ಧ ಹೆಂಗಸರು ಆರತಿ ತಟ್ಟೆ ಹಿಡಿದು ಅಂಗಳದಲ್ಲಿ ನಿಂತಿದ್ದರು. ದೀಪ ಯಾರ ಆರತಿಗೂ ಬೇಸರಪಡದೆ ಒಂದೇ ಲಯದಲ್ಲಿ ಮಿಟುಕುತ್ತಿತ್ತು. ಹಂಡೆಯ ಮೇಲೆ ತೆರೆದ ಆಕಾಶ ಇತ್ತೆಂಬುದನ್ನು ಮಾತ್ರ ಯಾರೂ ಲೆಕ್ಕಿಸಲಿಲ್ಲ.

ಸಮುದ್ರದಲ್ಲಿ ಅಪಾಯಕ್ಕೆ ಸಿಕ್ಕವರನ್ನು ಹುಡುಕಿಸುವ ಕೇಂದ್ರವೊಂದಕ್ಕೆ, ಹಡಗೊಂದು ಹುಕ್ಕೇರಿ ತಾಲೂಕಿನಲ್ಲಿ ಮುಳುಗುತ್ತಿದೆ ಎಂಬ ಸುದ್ದಿ ಮುಟ್ಟಿತು. ಅಲ್ಲಿಂದ ಜಿಲ್ಲಾ ಪೊಲೀಸರಿಗೆ, ಅಲ್ಲಿಂದ ಒಂದು ಠಾಣೆಗೆ ಫೋನು ಹೋಯಿತು. ಯಾವ ಠಾಣೆಯೆಂದು ಬರೆಯುವುದಿಲ್ಲ. ಅವರು ನನಗೆ ಎರಡು ಸಲ ಚಹಾ ಕುಡಿಸಿದ್ದಾರೆ. ಬಾಯಿಂದ ಬಾಯಿಗೆ ಬರುವಾಗ ದೇಶದ ಹೆಸರು ದಾರಿಯಲ್ಲಿ ಕಳೆದುಹೋಗಿ, ಪರದೇಶದ ವಾಯರ್‌ಲೆಸ್ ಯಂತ್ರವೊಂದು ನಿಮ್ಮ ಸೀಮೆಯಲ್ಲಿ ಮಾತನಾಡುತ್ತಿದೆ, ಹುಡುಕಿರಿ ಎಂಬಷ್ಟು ಮಾತ್ರ ಉಳಿದಿತ್ತು. ಪೊಲೀಸರಿಗೆ ಹುಡುಕುವ ಶ್ರಮವೇ ಬೀಳಲಿಲ್ಲ. ಜೀಪಿನಿಂದ ಇಳಿದವರನ್ನು ಹೆಂಗಸರು ಕೈಹಿಡಿದು ಕರೆದೊಯ್ದು ದರ್ಶನ ಮಾಡಿಸಿದರು. ಹವಾಲ್ದಾರ ಮೊದಲು ಕುಂಕುಮ ಹಚ್ಚಿಸಿಕೊಂಡು, ಅನಂತರ ನನ್ನ ಮೈದುನನನ್ನು ಜೀಪಿಗೆ ಹತ್ತಿಸಿದನಂತೆ.

ಸುದ್ದಿ ಗೋಕಾಕಕ್ಕೆ ಸಂಜೆಗೆ ಬಂತು. ಮರುದಿನ ಅವನನ್ನು ಬೆಳಗಾವಿಗೆ ಒಯ್ಯುತ್ತಾರೆ, ಪರದೇಶದ ಗುಪ್ತ ಯಂತ್ರ ಇಟ್ಟ ಕೇಸು ಹಾಕುತ್ತಾರೆ, ಒಮ್ಮೆ ಅಲ್ಲಿಗೆ ಹೋದವನು ಯಾವಾಗ ಬರುತ್ತಾನೋ ಹೇಳಲಾಗದು ಎಂಬುದು ಸುದ್ದಿಯ ಸಾರ. ನನ್ನ ಹೆಂಡತಿ ಅಳಲಿಲ್ಲ. ನನ್ನ ಚೀಲಕ್ಕೆ ಮೀಟರು ಮತ್ತು ಸ್ಕ್ರೂಡ್ರೈವರು ಹಾಕಿ, “ಜಗತ್ತಿಗೆಲ್ಲಾ ತಪ್ಪು ತಿದ್ದತೀರಿ. ನಾಳೆ ಹೋಗಿ ಇದೊಂದು ತಿದ್ದಿ ಬರ್ರಿ” ಎಂದಳು.

ದಸರೆಯ ಬೆಳಿಗ್ಗೆ ಮೊದಲ ಬಸ್ಸಿಗೆ ಹೋದೆ. ಠಾಣೆಯ ಅಂಗಳದ ನಡುವೆ ಒಂದು ಪ್ಲಾಸ್ಟಿಕ್ ಬಕೆಟು ಇತ್ತು. ಅದರ ತುಂಬ ನೀರು. ನೀರಿನಲ್ಲಿ ಆ ಸೂಚಕ. ಅದರ ಕೊರಳಲ್ಲಿ ನಿನ್ನೆಯ ಹೂಸರ. ಅನುಮಾನದ ವಸ್ತು ಸಿಡಿಯಬಹುದೆಂದು ಅದನ್ನು ನೀರಿನಲ್ಲಿ ಮುಳುಗಿಸಿ ಹೊರಗಿಟ್ಟಿದ್ದರು. ದೀಪ ಬಹಳ ಹುರುಪಿನಿಂದ ಮಿಟುಕುತ್ತಿತ್ತು. ಹೂಸರವನ್ನು ತೆಗೆಯುವ ಧೈರ್ಯ ಮಾತ್ರ ಯಾರಿಗೂ ಆಗಿರಲಿಲ್ಲ.

ಫೌಜದಾರರು ಚಿಕ್ಕ ವಯಸ್ಸಿನವರು, ಸಭ್ಯರು, ಸುಲಭವಾಗಿ ಏನನ್ನೂ ನಂಬದವರು. ಆ ಗುಣ ನನಗೆ ಹಿಡಿಸಿತು. ವಸ್ತುವಿನ ಹೊಟ್ಟೆಯ ಮೇಲೆ ಹಡಗಿನ ಸಂಖ್ಯೆ ಕೊರೆದ ಪಟ್ಟಿ ಇತ್ತು. ಅದು ಮೂರು ಐದು ಒಂದರಿಂದ ಆರಂಭವಾಗುತ್ತಿತ್ತು. ಉಳಿದ ಆರು ಅಂಕಿಗಳನ್ನು ಇಲ್ಲಿ ಬರೆಯುವುದಿಲ್ಲ. ಫೌಜದಾರರು ಅದನ್ನು ಟೆಲಿಫೋನ್ ಸಂಖ್ಯೆಯೆಂದು ತಿಳಿದು, ಠಾಣೆಯ ಎದುರಿನ ಎಸ್‌ಟಿಡಿ ಬೂತಿನವನನ್ನು ಕರೆಸಿದ್ದರು. ಆತನ ಗೋಡೆಯ ಮೇಲೆ ಎಲ್ಲ ದೇಶಗಳ ಫೋನ್ ಕೋಡುಗಳ ದೊಡ್ಡ ಬೋರ್ಡು ಇತ್ತು. ಅದರಲ್ಲಿ ಮೂರು ಐದು ಒಂದರ ಎದುರು ಪೋರ್ಚುಗಲ್ ಎಂದಿತ್ತು.

ಅಲ್ಲಿಂದ ಮುಂದಿನದನ್ನು ಹವಾಲ್ದಾರ ನೋಡಿಕೊಂಡ. ಅವನು ಖಾನಾಪುರ ಕಡೆಯವನು. ಗಡಿಯಾಚೆಯ ಗೋವಾದ ಹಳೆಯ ಕಥೆಗಳನ್ನು ಅಜ್ಜನಿಂದ ಕೇಳಿದ್ದವನು. ಪೋರ್ಚುಗಲ್ ಎಂಬ ಶಬ್ದ ಬೋರ್ಡಿನ ಮೇಲೆ ಕಂಡದ್ದೇ ತಡ, ಯಂತ್ರ ಯಾರದು, ಯಾಕೆ ಬಿಟ್ಟು ಹೋದರು ಎಂಬ ಎರಡೂ ಪ್ರಶ್ನೆಗಳಿಗೆ ಉತ್ತರ ಸಿದ್ಧವಾಯಿತು. ನಾನು ಹೋಗುವಷ್ಟರಲ್ಲಿ ಆ ಉತ್ತರ ಬಸ್‌ಸ್ಟ್ಯಾಂಡು ದಾಟಿತ್ತು.

ನಾನು ಫೌಜದಾರರಿಗೆ ವಿನಯದಿಂದಲೇ ಹೇಳಿದೆ. ಇದು ಫೋನ್ ಸಂಖ್ಯೆಯಲ್ಲ, ಹಡಗಿನ ರೇಡಿಯೋ ಸಂಖ್ಯೆ. ಫೋನಿನ ಬೋರ್ಡು ಬೇರೆ, ಹಡಗಿನ ಬೋರ್ಡು ಬೇರೆ. ಹಡಗಿನ ಲೆಕ್ಕದಲ್ಲಿ ಪೋರ್ಚುಗಲ್ಲಿಗೆ ಎರಡು ಆರು ಮೂರು. ಮೂರು ಐದು ಒಂದು ಎಂದರೆ ಪನಾಮಾ.

“ಹಂಗಾರ ಪನಾಮಾದವ್ರ ಹಡಗ,” ಎಂದರು ಫೌಜದಾರರು, ಪೆನ್ನು ತೆಗೆಯುತ್ತ.

ಇಲ್ಲಿಯೇ ನಾನು ಸುಮ್ಮನಾಗಬೇಕಿತ್ತು. ಆದರೆ ತಪ್ಪು ಮಾತು ಕಾಗದದ ಮೇಲೆ ಹೋಗುವುದನ್ನು ನೋಡಿಕೊಂಡು ಕೂರುವುದು ನನ್ನಿಂದ ಆಗದು. ಪನಾಮಾದ ಹಡಗಲ್ಲ, ಪನಾಮಾದ ಬಾವುಟದ ಹಡಗು ಎಂದೆ. ವ್ಯತ್ಯಾಸವೇನೆಂದು ಅವರು ಕೇಳಿದರು. ಹೇಳಿದೆ. ಆ ಮೂರು ಅಂಕಿಗಳು ನೋಂದಣಿಯ ದೇಶವನ್ನಷ್ಟೇ ಹೇಳುತ್ತವೆ. ಮಾಲಕ ಯಾರು, ಹಡಗು ಕಟ್ಟಿದ್ದು ಎಲ್ಲಿ, ಅದರಲ್ಲಿ ದುಡಿಯುವವರು ಎಲ್ಲಿಯವರು ಎಂಬುದನ್ನು ಹೇಳುವುದಿಲ್ಲ. ಪನಾಮಾದ ಬಾವುಟದ ಒಂದು ಹಡಗನ್ನು ನಾನೇ ನೋಡಿದ್ದೇನೆ: ಮಾಲಕ ಗ್ರೀಸಿನವನು, ಕಟ್ಟಿದ್ದು ಜಪಾನಿನಲ್ಲಿ, ಕಪ್ತಾನ ಪೋಲೆಂಡಿನವನು, ಅಡುಗೆಯವನು ಫಿಲಿಪೀನ್ಸಿನವನು. ಒಬ್ಬನೂ ಪನಾಮಾ ಕಂಡವನಲ್ಲ.

ಫೌಜದಾರರು ಒಂದೊಂದು ಹೆಸರನ್ನೂ ಬರೆದುಕೊಳ್ಳುತ್ತಿದ್ದರು. ಬರೆದು ಮುಗಿಸಿ, “ಅಂದ್ರ ಇದರಾಗ ಐದು ದೇಶ ಸೇರ್ಯಾವು,” ಎಂದರು. ಅವರ ಮುಖ ಗಂಭೀರವಾಯಿತು. “ಇದು ನಮ್ಮ ಠಾಣೇಕ ಮೀರಿದ್ದು ಕಾಕಾ. ಬೆಳಗಾವಿಗೇ ಕಳಸಬೇಕು.”

ಬೆಂಚಿನ ಮೇಲೆ ಕುಳಿತಿದ್ದ ನನ್ನ ಮೈದುನ ನಾನು ಬಂದ ಮೇಲೆ ಮೊದಲ ಸಲ ಬಾಯಿ ತೆರೆದ.

“ಮಾವಾ, ನಿಮಗ ಕೈ ಮುಗಿತೀನಿ. ಪೋರ್ಚುಗಲ್ ಇದ್ದಾಗ ಒಂದ ದೇಶ ಇತ್ತು. ನೀವು ಬಂದು ಐದು ಮಾಡಿದ್ರಿ.”

“ಖರೇದು ಹೇಳಬೇಕಲ್ಲ,” ಎಂದೆ.

“ಅರ್ಧ ಹೇಳ್ರಿ. ಉಳಿದರ್ಧ ನಾನು ಮನಿಗಿ ಹೋದ ಮ್ಯಾಲೆ ಹೇಳ್ರಿ.”

ಅಷ್ಟರಲ್ಲಿ ಒಳಗೆ ಫೋನು ರಿಂಗಾಯಿತು. ಬೆಳಗಾವಿಯ ಪೊಲೀಸರದು. ಕೇಂದ್ರದವರು ಮತ್ತೆ ತಿಳಿಸಿದ್ದಾರೆ, ಹಡಗು ನಿನ್ನೆಯ ಜಾಗ ಬಿಟ್ಟು ಚಲಿಸಿದೆ, ಈಗ ನಿಮ್ಮ ಊರಿನ ಹತ್ತಿರ ಬಂದಿದೆ, ನೋಡಿರಿ ಎಂದರಂತೆ. ಫೌಜದಾರರು ಫೋನು ಇಟ್ಟು, ಕಿಟಕಿಯಿಂದ ಅಂಗಳದ ಬಕೆಟ್ಟನ್ನು ನೋಡಿದರು. ಹವಾಲ್ದಾರನೂ ನೋಡಿದ.

“ಸಾಹೇಬ್ರ,” ಎಂದ ಹವಾಲ್ದಾರ ಮೆಲ್ಲಗೆ, “ಹಡಗ ನಾವ ತಂದೀವಿ.”

ಸಮುದ್ರದ ಆ ಕೇಂದ್ರದವರೊಂದಿಗೇ ನೇರವಾಗಿ ಮಾತನಾಡಿದರೆ ಹೇಗೆಂದು ನಾನು ಸೂಚಿಸಿದೆ. ಬೆಳಗಾವಿಯವರಿಂದ ಸಂಖ್ಯೆ ಪಡೆದು, ಫೌಜದಾರರು ಸೂಚಕವನ್ನು ಬಕೆಟ್ಟಿನ ಸಮೇತ ಬೂತಿಗೆ ಹೊರಿಸಿದರು. ಹಿಂದೆ ನಾನು, ನನ್ನ ಹಿಂದೆ ಬೀದಿಯ ಜನ. ಇಬ್ಬರು ಹೆಂಗಸರು ದಾರಿಯಲ್ಲಿ ಬಕೆಟ್ಟಿಗೆ ಕೈಮುಗಿದರು.

ಫೋನಿನ ಆಚೆಯ ಅಧಿಕಾರಿ ಹಿಂದಿಯಲ್ಲಿ ಮಾತನಾಡುತ್ತಿದ್ದರು. ಆಗ ಫೌಜದಾರರು ಮಾಡಿದ ಕೆಲಸವನ್ನು ನಾನು ಇಂದಿಗೂ ಮೆಚ್ಚುತ್ತೇನೆ. ಅವರು ನನ್ನನ್ನೂ ನಂಬಲಿಲ್ಲ, ಬೋರ್ಡನ್ನೂ ನಂಬಲಿಲ್ಲ. ನಮ್ಮ ಕೈಯಲ್ಲಿ ಏನಿದೆಯೆಂದು ನಾವು ಹೇಳುವುದಿಲ್ಲ, ನಿಮಗೆ ಆಕಾಶದಿಂದ ಬಂದ ಸಂಖ್ಯೆಯನ್ನು ಮೊದಲು ನೀವೇ ಓದಿರಿ ಎಂದು ಅಧಿಕಾರಿಗೆ ಹೇಳಿ, ಪಟ್ಟಿಯ ಮೇಲೆ ಅಂಗೈ ಮುಚ್ಚಿಕೊಂಡರು. ಆಚೆಯವರು ಒಂದೊಂದು ಅಂಕಿ ಓದಿದಂತೆ ಫೌಜದಾರರು ಒಂದೊಂದು ಬೆರಳು ಸರಿಸಿ ನೋಡುತ್ತ ಹೋದರು. ಮೂರು ಸರಿ. ಐದು ಸರಿ. ಒಂದು ಸರಿ. ಉಳಿದ ಆರೂ ಸರಿ. ಯಾವ ದೇಶವೆಂದು ಕೇಳಿದರು. ಉತ್ತರ ಕೇಳಿ ನನ್ನತ್ತ ತಿರುಗಿ, “ಪನಾಮಾ ಅಂತ,” ಎಂದರು.

ಬೂತಿನವನಿಗೆ ಇದು ಅಪಮಾನವಾಯಿತು. “ಅವರ ಬೋರ್ಡ್ ಹಳೇದ ಇರಬೇಕ್ರಿ ಸಾಹೇಬ್ರ. ನಂದು ಹ್ವಾದ ವರ್ಷ ಬರಸೇನಿ.”

ಮೊದಲ ಮೂರು ಅಂಕಿಗಳಿಂದಾಗಿಯೇ ಯಾರನ್ನು ಕೇಳಬೇಕೆಂಬುದು ತಮಗೆ ಗೊತ್ತಾಯಿತೆಂದು ಅಧಿಕಾರಿ ವಿವರಿಸಿದರು. ನಿನ್ನೆಯೇ ಪನಾಮಾದ ನೋಂದಣಿಯವರಿಗೆ ಸುದ್ದಿ ಕಳಿಸಿದ್ದಾರೆ. ಈ ಸಂಖ್ಯೆಯ ಹಡಗು ಈಗ ಎಲ್ಲಿದೆ ಎಂದು ಅವರು ಉತ್ತರಿಸಬೇಕು. ಅಲ್ಲಿಯವರೆಗೆ ದಯವಿಟ್ಟು ಅದನ್ನು ನೀರಿನಿಂದ ತೆಗೆಯಿರಿ ಎಂದರು. ನೀರಿನಲ್ಲಿದೆಯೆಂದು ಅವರಿಗೆ ಹೇಗೆ ಗೊತ್ತಾಯಿತೆಂದು ಹವಾಲ್ದಾರ ಬೆರಗಾದ.

ನಾನು ಸೂಚಕವನ್ನು ಮೇಲೆತ್ತಿ, ಹೂಸರ ತೆಗೆದು, ಅದರ ಹೊಟ್ಟೆಯಲ್ಲಿ ನೀರು ಪತ್ತೆಹಚ್ಚುವ ಎರಡು ಲೋಹದ ಮೊಳೆಗಳನ್ನು ನನ್ನ ಧೋತರದ ಚುಂಗಿನಿಂದ ಒರೆಸಿ, ಗುಂಡಿಯನ್ನು ಆರಿಸುವ ಕಡೆಗೆ ತಿರುಗಿಸಿದೆ. ದೀಪ ನಿಂತಿತು. ವಕೀಲರ ಕಥೆಯಲ್ಲಿ ನಾನು ಪೋರ್ಚುಗೀಸ್ ಮಾತನಾಡಿದ್ದು ಈ ಗಳಿಗೆಯಲ್ಲಿಯೇ ಇರಬೇಕು. ವಾಸ್ತವದಲ್ಲಿ ನಾನು ಹೇಳಿದ್ದು, “ಒಣಾ ಅರಬಿ ಕೊಡ್ರಿ” ಎಂದಷ್ಟೆ. ಬಟ್ಟೆಯನ್ನು ಯಾರೂ ಕೊಡದ್ದರಿಂದ ಧೋತರವನ್ನೇ ಬಳಸಬೇಕಾಯಿತು.

ಉತ್ತರ ಬರುವವರೆಗೆ ಕಾದೆವು. ಮೈದುನನನ್ನು ಒಯ್ಯಬೇಕಾದ ಜೀಪು ಅಂಗಳದಲ್ಲಿ ಚೆಂಡುಹೂವು ಧರಿಸಿ ಸಿದ್ಧವಾಗಿ ನಿಂತಿತ್ತು. ಚಾಲಕ ಎರಡು ಸಲ ಬಂದು ಹೊರಡೋಣವೇ ಎಂದು ಕೇಳಿದ. ಎರಡನೆಯ ಸಲ ಫೌಜದಾರರು ಗಡಿಯಾರ ನೋಡಿ, ಊಟದ ಹೊತ್ತಿನವರೆಗೆ ಮಾತ್ರ ಎಂದರು. ಮೈದುನ ನನ್ನ ಬಾಜೂ ಸರಿದು ಕುಳಿತ.

“ಆ ಪನಾಮಾದವ್ರು ಹಡಗ ಇನ್ನೂ ನಮ್ಮದ ಐತಿ ಅಂದ್ರ?”

ಆಗ ಅವನು ಕದ್ದ ಮಾಲು ಇಟ್ಟುಕೊಂಡವನಾಗುತ್ತಾನೆ ಎಂಬುದು ನನಗೆ ಗೊತ್ತಿತ್ತು. ಅವನ ಬೇಡಿಕೆಯಂತೆ ಆ ಅರ್ಧವನ್ನು ಹೇಳಲಿಲ್ಲ.

ಊಟದ ಹೊತ್ತಿಗೆ ಬೂತಿನವನು ಓಡುತ್ತ ಬಂದ. ಅವನ ಫ್ಯಾಕ್ಸ್ ಯಂತ್ರಕ್ಕೆ ಕಾಗದ ಬಂದಿತ್ತು. ಮೂರು ಐದು ಒಂದು, ಪನಾಮಾ, ಈ ಹಡಗು ಒಡೆಯಲು ಮಾರಾಟವಾಗಿದೆ, ನಮ್ಮ ನೋಂದಣಿಯಿಂದ ಅದರ ಹೆಸರನ್ನು ತೆಗೆದುಹಾಕಲಾಗಿದೆ, ಯಾರೂ ಅಪಾಯದಲ್ಲಿಲ್ಲ. ಹಡಗು ಒಡೆಯುವವರು ಸೂಚಕವನ್ನು ನಿಷ್ಕ್ರಿಯಗೊಳಿಸದೆ ಮಾರಿದಂತಿದೆ. ಆರಿಸಿದ ಮೇಲೆ ಸಂಕೇತ ನಿಂತಿದೆ ಎಂದು ಕೇಂದ್ರದವರು ಕೆಳಗೆ ಸೇರಿಸಿದ್ದರು. ಗುಜರಿ ಅಂಗಡಿಯಲ್ಲಿ ಕೊಂಡೆ ಎಂದು ನಿನ್ನೆಯಿಂದ ನನ್ನ ಮೈದುನ ಹೇಳುತ್ತಿದ್ದ ಮಾತಿಗೆ, ಭೂಮಿಯ ಆಚೆ ಮಗ್ಗುಲಿನಿಂದ ಸಾಕ್ಷಿ ಬಂದಂತಾಯಿತು.

ಫೌಜದಾರರು ಎರಡು ಸಲ ಓದಿ, ಜೀಪಿನ ಚಾಲಕನಿಗೆ ಊಟಕ್ಕೆ ಹೋಗೆಂದರು. ಅನಂತರ ನನ್ನ ಮೈದುನನಿಗೆ, “ಯಾರ್ಯಾರು ಯಾವ ದೇಶದವರು ಅಂತ ಇನ್ನ ನಿಮ್ಮ ಮಾವನ್ನ ಕೇಳಬ್ಯಾಡ. ನಡಿ ಮನಿಗಿ,” ಎಂದರು.

ಹೊರಗೆ ಊರು ಬನ್ನಿ ಮುಡಿಯಲು ಹೊರಟಿತ್ತು. ನನ್ನ ಮೈದುನ ಠಾಣೆಯ ಮುಂದೆ ಹೋಗುತ್ತಿದ್ದವರಿಂದ ಬನ್ನಿಯ ಎಲೆ ಇಸಿದುಕೊಂಡು ಒಳಗೆ ಮರಳಿ ಹೋಗಿ, ಫೌಜದಾರರ ಕೈಗಿಟ್ಟು, “ಬನ್ನಿ ತಗೊಂಡು ಬಂಗಾರದಂಗ ಇರೂಣ್ರಿ” ಎಂದ. ಹವಾಲ್ದಾರನಿಗೂ ಕೊಟ್ಟ. ಕಥೆಯೊಳಗೆ ಬಂಗಾರದ ಪೆಟ್ಟಿಗೆ ಹೊಕ್ಕದ್ದು ಇಲ್ಲಿಂದಲೇ ಎಂಬುದು ನನ್ನ ಊಹೆ. ಊಹೆಯೆಂದೇ ಬರೆಯುತ್ತೇನೆ.

ನನಗೆ ಕೊಡುವಾಗ ಅವನು ಸ್ವಲ್ಪ ತಡೆದು, “ಮಾವ ಹಡಗಿನ್ಯಾಗ ಕೆಲಸ ಮಾಡ್ಯಾನ,” ಎಂದ. ಮುಂದಿನ ಅರ್ಧವನ್ನು ಹೇಳಲಿಲ್ಲ.

ಈಗ ಸಾಕ್ಷಿಯ ಮಾತು. ಆ ಫ್ಯಾಕ್ಸನ್ನು ನಾನು ಕೇಳಿ ಪಡೆದು ಕಾಪಾಡಿದ್ದೆ. ಅಂಥ ಕಾಗದದ ಅಕ್ಷರ ಬಹಳ ಕಾಲ ಉಳಿಯುವುದಿಲ್ಲವೆಂಬುದನ್ನು ನಾನು, ಯಂತ್ರಗಳ ಮನುಷ್ಯ, ಮರೆತಿದ್ದೆ. ಇಂದು ಅದು ಬರಿಯ ಹಾಳೆ. ವಕೀಲರಿಗೆ ತೋರಿಸಿದರೆ ನಗುತ್ತಾರೆ. ಬೂತಿನ ಬೋರ್ಡು ಇನ್ನೂ ಇದೆ. ಬೂತು ಹೋಗಿ ಮೊಬೈಲು ಅಂಗಡಿಯಾದರೂ ಗೋಡೆ ಹಾಗೆಯೇ ಉಳಿದಿದೆ. ಅದರಲ್ಲಿ ಮೂರು ಐದು ಒಂದು ಪೋರ್ಚುಗಲ್ ಎಂದೇ ಇದೆ. ಫೋನಿನ ಮಟ್ಟಿಗೆ ಅದು ಸರಿಯಾಗಿಯೇ ಇದೆ, ತಿದ್ದಬಾರದು.

ಸೂಚಕವನ್ನು ಮಾತ್ರ ಬ್ಯಾಟರಿ ತೆಗೆಸಿ ನನ್ನ ಮೈದುನನಿಗೆ ಹಿಂದಿರುಗಿಸಿದರು. ಅದು ಈಗ ಕಲ್ಲೋಳಿಯಲ್ಲಿ ಅವನ ಮನೆಯ ಪಡಸಾಲೆಯಲ್ಲಿ, ಬಾಗಿಲ ಬಲಕ್ಕೆ ಮೊಳೆಗೆ ತೂಗುತ್ತಿದೆ. ಪ್ರತಿ ಖಂಡೆ ಪೂಜೆಗೆ ಅವನ ಹೆಂಡತಿ ಅದಕ್ಕೆ ಕುಂಕುಮ ಹಚ್ಚುತ್ತಾಳೆ, ಒದ್ದೆಯಿಲ್ಲದ ಕೈಯಿಂದ. ಅಂಕಿಗಳನ್ನು ಅಚ್ಚೊತ್ತಿಲ್ಲ, ಕೊರೆದಿದ್ದಾರೆ, ಆದ್ದರಿಂದ ಮಾಸಿಲ್ಲ. ಸಂಶಯವಿದ್ದವರು ಹೋಗಿ ಮೊದಲ ಮೂರನ್ನು ಬರೆದುಕೊಂಡು, ಹಡಗಿನ ರೇಡಿಯೋ ಸಂಖ್ಯೆಗಳ ಅಂತರರಾಷ್ಟ್ರೀಯ ಪಟ್ಟಿಯೊಂದಿಗೆ ಹೋಲಿಸಿ ನೋಡಬಹುದು. ಮನೆಯವರು ಬೇಡವೆನ್ನುವುದಿಲ್ಲ. ಕುಂಕುಮ ಸ್ವಲ್ಪ ಒರೆಸಿಕೊಳ್ಳಬೇಕಾದೀತು, ಐದರ ಮೇಲೆ ದಪ್ಪವಾಗಿ ಕೂತಿರುತ್ತದೆ.